ಅವಧಿ ಮುಗಿದ ಒಂದು ನಮೂದು, ಮುಗ್ಗರಿಸುವ ಡೇಟಾಬೇಸ್

ರೆಡಿಸ್ ದತ್ತಾಂಶವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವುದರಿಂದ ಕೇಳಿದ್ದನ್ನು ಥಟ್ಟನೆ ಕೊಡಬಲ್ಲದು. ಸಿದ್ಧಪಡಿಸಲು ಹೊತ್ತು ಹಿಡಿಯುವ ಉತ್ತರವನ್ನು ಡೇಟಾಬೇಸಿನಿಂದ ಒಮ್ಮೆ ತೆಗೆದು ರೆಡಿಸ್‌ನಲ್ಲಿಟ್ಟು, ಅದಕ್ಕೊಂದು ಆಯುಷ್ಯ ಗೊತ್ತುಮಾಡುವುದು ಜಾಲತಾಣಗಳ ರೂಢಿ. ಆಯುಷ್ಯ ತೀರಿದ ನಮೂದು ಇಲ್ಲವಾಗುತ್ತದೆ; ಮುಂದೆ ಬಂದ ಕೋರಿಕೆ ಅದನ್ನು ಮತ್ತೆ ಕಟ್ಟಬೇಕು. ಆ ಗಳಿಗೆಯಲ್ಲಿ ಬರುವ ಕೋರಿಕೆ ಒಂದೇ ಆಗಿರುವುದಿಲ್ಲ ಎಂಬುದೇ ತೊಂದರೆಯ ಮೂಲ.

ಒಂದು ಸುದ್ದಿತಾಣದ ಮುಖಪುಟದ ಪಟ್ಟಿ 5 ನಿಮಿಷದ ಆಯುಷ್ಯದೊಂದಿಗೆ ರೆಡಿಸ್‌ನಲ್ಲಿದೆ ಎನ್ನೋಣ. ಸೆಕೆಂಡಿಗೆ 200 ಕೋರಿಕೆ ಬರುತ್ತವೆ. ಪಟ್ಟಿಯನ್ನು ಹೊಸದಾಗಿ ಕಟ್ಟಲು 2 ಸೆಕೆಂಡು ಬೇಕು. ಅವಧಿ ಮುಗಿದ ಮೇಲೆ ಮೊದಲ ಕೋರಿಕೆ ತನ್ನ ಕೆಲಸ ಮುಗಿಸುವಷ್ಟರಲ್ಲಿ ಸುಮಾರು 400 ಕೋರಿಕೆಗಳು ರೆಡಿಸ್‌ನಲ್ಲಿ ಏನೂ ಸಿಗದೆ ಅದೇ ಪ್ರಶ್ನೆಯನ್ನು ಡೇಟಾಬೇಸಿಗೆ ಒಯ್ದಿರುತ್ತವೆ. ಪೋಸ್ಟ್‌ಗ್ರೆಸ್‌ನ ಮೂಲ ಹೊಂದಾಣಿಕೆಯಲ್ಲಿ ಏಕಕಾಲಕ್ಕೆ 100 ಸಂಪರ್ಕಗಳಿಗಷ್ಟೇ ಜಾಗ. ಒಳಹೊಕ್ಕ ಪ್ರಶ್ನೆಗಳೂ ಪ್ರೊಸೆಸರ್, ಡಿಸ್ಕುಗಳಿಗಾಗಿ ಪೈಪೋಟಿಗೆ ಬಿದ್ದು 2 ಸೆಕೆಂಡಿನ ಕೆಲಸ 10 ಸೆಕೆಂಡು ಹಿಡಿದರೆ, ಅಷ್ಟರಲ್ಲಿ 2,000 ಕೋರಿಕೆ ಜಮಾಯಿಸುತ್ತವೆ. ಗುಂಪು ಬೆಳೆದಷ್ಟೂ ಕೆಲಸ ನಿಧಾನ, ಕೆಲಸ ನಿಧಾನವಾದಷ್ಟೂ ಗುಂಪು ದೊಡ್ಡದು. ಇದೇ ಕ್ಯಾಶ್ ಸ್ಟ್ಯಾಂಪೀಡ್. ಡೇಟಾಬೇಸಿನ ಲಾಗ್‌ನಲ್ಲಿ ಒಂದೇ ಪ್ರಶ್ನೆ ಒಮ್ಮೆಲೇ ನೂರಾರು ಸಲ ಕಾಣಿಸಿ, 5 ನಿಮಿಷದ ಆಸುಪಾಸಿನಲ್ಲಿ ಮತ್ತೆ ಮರುಕಳಿಸಿದರೆ ಅನುಮಾನ ಉಳಿಯದು.

ಆಯುಷ್ಯವನ್ನು ಒಂದು ಗಂಟೆಗೆ ಏರಿಸುವುದು ಹಲವರಿಗೆ ಮೊದಲು ಹೊಳೆಯುವ ಉಪಾಯ. ಅದರಿಂದ ನುಗ್ಗಾಟ ಅಪರೂಪವಾಗುತ್ತದೆ, ಚಿಕ್ಕದಾಗುವುದಿಲ್ಲ. ಬೇಕಾದದ್ದು ಕಟ್ಟುವ ಕೆಲಸ ಒಬ್ಬರಿಗೇ ದಕ್ಕುವ ವ್ಯವಸ್ಥೆ. ಅದಕ್ಕೆ ರೆಡಿಸ್‌ನಲ್ಲೇ ಒಂದು ಆದೇಶವಿದೆ:

```
SET lock:home a7f3 NX EX 30
```

`NX` ಇರುವುದರಿಂದ, ಈ ಹೆಸರಿನ ಲಾಕ್ ಮೊದಲೇ ಇಲ್ಲದಿದ್ದರೆ ಮಾತ್ರ ಅದು ಸಿಗುತ್ತದೆ. ಎಷ್ಟೇ ಕೋರಿಕೆಗಳು ಒಟ್ಟಿಗೆ ಕೇಳಿದರೂ ಗೆಲ್ಲುವುದು ಒಂದೇ. ಗೆದ್ದ ಪ್ರಕ್ರಿಯೆ ನಡುವೆ ಸತ್ತರೆ, `EX 30` ಇರುವ ಕಾರಣ 30 ಸೆಕೆಂಡಿಗೆ ಲಾಕ್ ತಾನಾಗಿ ಬಿಡುತ್ತದೆ. ಈ ಅವಧಿ ಕಟ್ಟುವ ಕೆಲಸಕ್ಕಿಂತ ಗಿಡ್ಡವಾದರೆ ಮತ್ತೊಬ್ಬರಿಗೂ ಲಾಕ್ ಸಿಕ್ಕಿಬಿಡುತ್ತದೆ. ಆಗ ಮೊದಲಿನವರು ಕೆಲಸ ಮುಗಿಸಿ ಅಳಿಸುವುದು ಎರಡನೆಯವರ ಲಾಕನ್ನು! `a7f3` ಎಂಬ ಗುರುತು ಇರುವುದು ಅದಕ್ಕಾಗಿಯೇ: ಪ್ರತಿ ಸಲವೂ ಹೊಸ ಗುರುತು ಬಳಸಿ, ಅದು ತನ್ನದೇ ಎಂದು ನೋಡುವುದನ್ನೂ ಅಳಿಸುವುದನ್ನೂ ಒಂದೇ ಲುವಾ ಸ್ಕ್ರಿಪ್ಟ್‌ನಲ್ಲಿ ಮಾಡಬೇಕು.

ಲಾಕ್ ಸಿಗದವರನ್ನು ಕಾಯಿಸುವುದಕ್ಕಿಂತ ಹಳೆಯ ಪಟ್ಟಿಯನ್ನೇ ಕೊಡುವುದು ಒಳ್ಳೆಯದು. 5 ನಿಮಿಷದ ಗಡುವನ್ನು ನಮೂದಿನ ಒಳಗೆ ಬರೆದು, ರೆಡಿಸ್‌ಗೆ 15 ನಿಮಿಷದ ಆಯುಷ್ಯ ಹೇಳಿದರೆ ಇದು ಸಾಧ್ಯ. ಗಡುವು ದಾಟಿದ್ದನ್ನು ಕಂಡು ಒಂದು ಕೋರಿಕೆ ಹೊಸದನ್ನು ಕಟ್ಟುವಾಗ ಉಳಿದವು ಗಡುವು ದಾಟಿ ಎರಡು ಸೆಕೆಂಡಿನಷ್ಟು ಹಳತಾದ ಸುದ್ದಿಯೊಂದಿಗೆ ಮುಂದೆ ಸಾಗುತ್ತವೆ. ಮುಖಪುಟಕ್ಕೆ ಇದು ಸಾಕು. ಬ್ಯಾಂಕ್ ಖಾತೆಯ ಬಾಕಿ ಮೊತ್ತಕ್ಕೆ ಮಾತ್ರ ಈ ದಾರಿ ಸಲ್ಲದು.