ಥಾಣೆ ಕೋಟೆ ಮೊದಲೋ, ಸೂರತ್ ಒಪ್ಪಂದ ಮೊದಲೋ?

ಡೊಂಬಿವಲಿಯ ನಮ್ಮ ಪಕ್ಕದ ಬಿಲ್ಡಿಂಗಿನಲ್ಲಿ ಉಡುಪಿ ಕಡೆಯ ಒಂದು ಕುಟುಂಬವಿದೆ. ಅವರ ಮಗಳು ಕಲ್ಯಾಣ್‌ನ ಕಾಲೇಜೊಂದರಲ್ಲಿ ಬಿ.ಎ. ಓದುತ್ತಾಳೆ. ಕಳೆದ ಪರೀಕ್ಷೆಗೆ ನಾಲ್ಕು ದಿನವಿರುವಾಗ ರಾತ್ರಿ ಒಂಬತ್ತಕ್ಕೆ ಇತಿಹಾಸದ ನೋಟ್ಸ್ ಹಿಡಿದು ಬಂದಳು. "ಆಂಟಿ, ಮೂರು ಸಲ ಓದಿದೆ. ಪುಸ್ತಕ ಮುಚ್ಚಿದರೆ ಇಸವಿ ಮಾತ್ರ ನೆನಪಿರುತ್ತದೆ, ಯಾವುದರ ಇಸವಿ ಅಂತ ಗೊತ್ತಾಗುವುದಿಲ್ಲ" ಅಂದಳು.

ನಾನು ಹಿಂದೆ ಕೆಲವು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದವಳು. ಅವಳ ನೋಟ್ಸಿನ ವಿಷಯ ಮೊದಲ ಆಂಗ್ಲೋ-ಮರಾಠಾ ಯುದ್ಧ. ಪ್ರೊಫೆಸರು ಹೇಳುತ್ತ ಹೋದದ್ದನ್ನು ಅವಳು ಹಾಗೆಯೇ ಬರೆದುಕೊಂಡಿದ್ದಳು. ಇಂಗ್ಲಿಷಿನಲ್ಲಿದ್ದ ಆ ಪ್ಯಾರಾವನ್ನು ಕನ್ನಡದಲ್ಲಿ ಹೇಳುವುದಾದರೆ ಸುಮಾರು ಹೀಗಿತ್ತು:

"1782ರ ಸಾಲ್ಬಾಯಿ ಒಪ್ಪಂದದಲ್ಲಿ ಮುಗಿದ ಈ ಯುದ್ಧದ ಬೀಜ ಸೂರತ್ ಒಪ್ಪಂದದಲ್ಲಿದೆ. ಅದಕ್ಕೆ ಎರಡು ವರ್ಷ ಮೊದಲು ಪೇಶ್ವೆ ನಾರಾಯಣರಾವ್ ಕೊಲೆಯಾಗಿ, ಚಿಕ್ಕಪ್ಪ ರಘುನಾಥರಾವ್ ಗಾದಿಗೆ ಬಂದಿದ್ದ. ಮರುವರ್ಷ ನಾರಾಯಣರಾವ್‌ಗೆ ಮಗ ಹುಟ್ಟಿದ್ದರಿಂದ ನಾನಾ ಫಡ್ನವೀಸ್ ಮೊದಲಾದವರು ಮಗುವಿನ ಪಕ್ಷ ಹಿಡಿದರು. ಸಹಾಯಕ್ಕಾಗಿ ರಘುನಾಥರಾವ್ 1775ರ ಮಾರ್ಚಿನಲ್ಲಿ ಸಾಷ್ಟಿ ಮತ್ತು ವಸಾಯಿಯನ್ನು ಇಂಗ್ಲಿಷರಿಗೆ ಬಿಟ್ಟುಕೊಡಲು ಒಪ್ಪಿದ. ಥಾಣೆಯಂತೂ ಹಿಂದಿನ ಡಿಸೆಂಬರಿನಲ್ಲೇ ಅವರ ಕೈಸೇರಿತ್ತು. ಈ ಒಪ್ಪಂದ ಮೆಚ್ಚದ ಕಲ್ಕತ್ತೆಯವರು ಮರುವರ್ಷ ಪುರಂದರದಲ್ಲಿ ಬೇರೆ ಒಪ್ಪಂದ ಮಾಡಿಕೊಂಡರು..."

ಇದರಲ್ಲಿ ತಪ್ಪೇನಿಲ್ಲ. ಆದರೆ ಪಾಠ ಹೇಳುವವರು ಕೊನೆಯಿಂದ ಶುರುಮಾಡಿ ಹಿಂದಕ್ಕೆ ಹೋಗುತ್ತಾರೆ, ನಡುವೆ ಮುಂದಕ್ಕೆ ಜಿಗಿಯುತ್ತಾರೆ. ಕೇಳುವಾಗ ಅದು ಚೆನ್ನ, ನೆನಪಿಗೆ ಮಾತ್ರ ಕಷ್ಟ.

ಮೊದಲು ಅವಳ ಕೈಗೆ ಪೆನ್ಸಿಲ್ ಕೊಟ್ಟು ಇಸವಿಗಳಿಗೆಲ್ಲ ಸುತ್ತು ಹಾಕಲು ಹೇಳಿದೆ. ಎರಡೇ ಸಿಕ್ಕವು: 1782 ಮತ್ತು 1775. "ಅಡಗಿರುವ ಇಸವಿಗಳನ್ನೂ ಹುಡುಕು" ಅಂದೆ. 'ಎರಡು ವರ್ಷ ಮೊದಲು', 'ಮರುವರ್ಷ', 'ಹಿಂದಿನ ಡಿಸೆಂಬರ್' ಇವೆಲ್ಲ ಇಸವಿಗಳೇ. ಅವುಗಳ ಮೇಲೆ ಲೆಕ್ಕ ಹಾಕಿ ಅಂಕಿ ಬರೆಯಬೇಕು. ಎರಡು 'ಮರುವರ್ಷ'ಗಳಲ್ಲಿ ಒಂದು 1774, ಇನ್ನೊಂದು 1776. ಯಾವುದರ ಮರುವರ್ಷ ಅನ್ನುವುದನ್ನು ಹಿಂದಿನ ವಾಕ್ಯಕ್ಕೆ ಹೋಗಿ ನೋಡಬೇಕು. ಹೆಚ್ಚಿನ ಮಕ್ಕಳು ತಪ್ಪುವುದು ಇಲ್ಲೇ.

ಆಮೇಲೆ ಒಂದೊಂದು ಘಟನೆಗೆ ಒಂದೊಂದು ಚೀಟಿ. ಚೀಟಿಯಲ್ಲಿ ಮೂರೇ ಸಂಗತಿ: ಯಾವಾಗ, ಯಾರು, ಏನು ಮಾಡಿದರು. 'ಪರಿಸ್ಥಿತಿ ಬಿಗಡಾಯಿಸಿತು' ಎಂಬಂಥ ವಾಕ್ಯಕ್ಕೆ ಚೀಟಿ ಇಲ್ಲ. ಚೀಟಿಗಳನ್ನು ಟೇಬಲಿನ ಮೇಲೆ ಇಸವಿಯ ಪ್ರಕಾರ ಜೋಡಿಸಿದಾಗ ಹೀಗಾಯಿತು:

ಆಗಸ್ಟ್ 1773: ನಾರಾಯಣರಾವ್ ಕೊಲೆ, ಆಮೇಲೆ ರಘುನಾಥರಾವ್ ಗಾದಿಗೆ
ಏಪ್ರಿಲ್ 1774: ಸವಾಯಿ ಮಾಧವರಾವ್ ಜನನ
ಡಿಸೆಂಬರ್ 1774: ಇಂಗ್ಲಿಷರಿಂದ ಥಾಣೆ ಕೋಟೆ ವಶ
ಮಾರ್ಚ್ 1775: ಸೂರತ್ ಒಪ್ಪಂದ
ಮಾರ್ಚ್ 1776: ಪುರಂದರ ಒಪ್ಪಂದ
ಜನವರಿ 1779: ವಡಗಾಂವ್‌ನಲ್ಲಿ ಇಂಗ್ಲಿಷ್ ಸೈನ್ಯದ ಶರಣಾಗತಿ
ಡಿಸೆಂಬರ್ 1780: ವಸಾಯಿ ಇಂಗ್ಲಿಷರ ವಶ
ಮೇ 1782: ಸಾಲ್ಬಾಯಿ ಒಪ್ಪಂದ

ಮೂರನೆಯ, ನಾಲ್ಕನೆಯ ಚೀಟಿಗಳನ್ನು ನೋಡಿ ಹುಡುಗಿ ಸುಮ್ಮನಾದಳು. ಹಿಂದಿನ ಟೆಸ್ಟಿನಲ್ಲಿ ಅವಳು 'ಸೂರತ್ ಒಪ್ಪಂದದ ಪ್ರಕಾರ ಇಂಗ್ಲಿಷರು ಥಾಣೆಯನ್ನು ಪಡೆದರು' ಎಂದು ಬರೆದಿದ್ದಳಂತೆ. ಪ್ಯಾರಾದಲ್ಲಿ ಒಪ್ಪಂದದ ಮಾತು ಮೊದಲು ಬರುವುದರಿಂದ ಮನಸ್ಸು ಅದನ್ನೇ ಕಾರಣ ಅಂದುಕೊಳ್ಳುತ್ತದೆ. ನಿಜವಾಗಿ ಒಪ್ಪಂದಕ್ಕೆ ಮೊದಲೇ ಕೋಟೆ ಬಿದ್ದಿತ್ತು. ಪೋರ್ಚುಗೀಸರು ಸಾಷ್ಟಿಯನ್ನು ಮರಳಿ ಹಿಡಿಯಲು ಬರುತ್ತಿದ್ದಾರೆಂಬ ಸುದ್ದಿ ಕೇಳಿ ಮುಂಬಯಿಯ ಇಂಗ್ಲಿಷರು ಅವಸರದಲ್ಲಿ ನುಗ್ಗಿದ್ದರು. ತಾವು ಆಗಲೇ ಹಿಡಿದಿದ್ದನ್ನು ಅವರು ಆಮೇಲೆ ಕಾಗದದ ಮೇಲೆ ಬರೆಸಿಕೊಂಡರು. ಆ ಕೋಟೆಯೇ ಇಂದಿನ ಥಾಣೆ ಸೆಂಟ್ರಲ್ ಜೈಲು ಎಂದು ಹೇಳಿದೆ. "ಅದರ ಎದುರಿಂದಲೇ ಎಷ್ಟೋ ಸಲ ಹೋಗಿದ್ದೇನೆ ಆಂಟಿ!" ಅಂದಳು. ಆ ಚೀಟಿ ಅವಳಿಗೆ ಇನ್ನು ಮರೆಯುವ ಹಾಗಿರಲಿಲ್ಲ.

ಮುಂದಿನ ಕೆಲಸ ಬಾಣ ಹಾಕುವುದು. ಎರಡು ಚೀಟಿಗಳ ನಡುವೆ 'ಆದ್ದರಿಂದ' ಎಂದು ಹೇಳಲು ಬಂದರೆ ಮಾತ್ರ ಬಾಣ, ಇಲ್ಲದಿದ್ದರೆ ಬರೀ ಗೆರೆ. ಸೂರತ್ ಒಪ್ಪಂದವನ್ನು ಕಲ್ಕತ್ತೆ ಒಪ್ಪಲಿಲ್ಲ, ಆದ್ದರಿಂದ ಪುರಂದರ; ಅಲ್ಲಿ ಬಾಣವಿದೆ. ಥಾಣೆಯಿಂದ ಸೂರತ್ತಿಗೆ ಬರೀ ಗೆರೆ. ಪುರಂದರದಿಂದ ವಡಗಾಂವ್‌ಗೆ ನೇರ ಬಾಣ ಎಳೆಯಲು ಹೋದಾಗ ನಡುವಿನ ಮೂರು ವರ್ಷ ಖಾಲಿ ಕಂಡಿತು. ನೋಟ್ಸ್ ತಿರುವಿದೆವು. ಮುಂಬಯಿಯವರು ಪುರಂದರದ ಮಾತು ಮೀರಿ ರಘುನಾಥರಾವ್‌ನನ್ನು ಕರೆದುಕೊಂಡು ಪುಣೆಯ ಕಡೆಗೆ ಸೈನ್ಯ ಕಳಿಸಿದ್ದು ಅಲ್ಲಿತ್ತು. ಖಾಲಿ ಜಾಗ ಕಂಡರೆ ಏನೋ ಬಿಟ್ಟುಹೋಗಿದೆ ಎಂದು ಸಂಶಯಪಡಬೇಕು.

ಕೊನೆಗೆ ನಾನೇ ಒಂದು ಕೆಲಸ ಸೇರಿಸಿದೆ. ನಾವು ಕನ್ನಡದವರಲ್ಲವೇ? ಪಕ್ಕದಲ್ಲಿ ಮೈಸೂರಿನ ಸಾಲು ಹಾಕಿಸಿದೆ. 1780ರ ಜುಲೈಯಲ್ಲಿ ಹೈದರಾಲಿ ಇಂಗ್ಲಿಷರ ವಿರುದ್ಧ ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿದ. ಅದೇ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಗೆದ್ದ. 1782ರ ಡಿಸೆಂಬರ್ 7ರಂದು ತೀರಿಕೊಂಡ. 1784ರ ಮಾರ್ಚಿನಲ್ಲಿ ಟಿಪ್ಪು ಮಂಗಳೂರು ಒಪ್ಪಂದ ಮಾಡಿಕೊಂಡ. ಎರಡೂ ಸಾಲುಗಳನ್ನು ಅಕ್ಕಪಕ್ಕ ಇಟ್ಟಾಗ ಪಾಠದಲ್ಲಿ ಬೇರೆ ಬೇರೆ ಅಧ್ಯಾಯವಾಗಿದ್ದದ್ದು ಒಂದೇ ಕಥೆಯಾಯಿತು. ಇಂಗ್ಲಿಷರಿಗೆ ಏಕಕಾಲಕ್ಕೆ ಇಬ್ಬರು ಶತ್ರುಗಳಿದ್ದರು. ಸಾಲ್ಬಾಯಿಯಿಂದ ಮರಾಠರು ಪಕ್ಕಕ್ಕೆ ಸರಿದರು, ಮೈಸೂರು ಒಂಟಿಯಾಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಾಲ್ಬಾಯಿಗೆ ಸಹಿ ಬಿದ್ದದ್ದು ಮೇ ತಿಂಗಳಲ್ಲಾದರೂ ಪುಣೆಯಿಂದ ನಾನಾ ಫಡ್ನವೀಸ್ ಅಂತಿಮ ಒಪ್ಪಿಗೆ ಕೊಟ್ಟದ್ದು ಹೈದರ್ ತೀರಿಕೊಂಡ ಮೇಲೆ. ಒಪ್ಪಂದಕ್ಕೆ ಸಹಿಯ ದಿನ ಬೇರೆ, ಮಂಜೂರಾತಿಯ ದಿನ ಬೇರೆ. ಚೀಟಿಯಲ್ಲಿ ಯಾವುದು ಎಂದು ಬರೆಯದಿದ್ದರೆ, ಎರಡು ಪುಸ್ತಕಗಳಲ್ಲಿ ಎರಡು ಇಸವಿ ಕಂಡು ಮಕ್ಕಳು ಕಂಗಾಲಾಗುತ್ತಾರೆ.

ಈ ಎಲ್ಲವನ್ನೂ ಒಂದೇ ಹಾಳೆಯಲ್ಲಿ, ಎಡಕ್ಕೆ ಇಸವಿ, ಬಲಕ್ಕೆ ಘಟನೆ ಎಂದು ಇಳಿಸಿದಳು. ಹಾಳೆ ಮಡಿಸಿ ಇಸವಿ ಮುಚ್ಚಿ ಘಟನೆ ನೋಡಿ ಹೇಳುವುದು, ಆಮೇಲೆ ಘಟನೆ ಮುಚ್ಚಿ ಇಸವಿ ನೋಡಿ ಹೇಳುವುದು. ಎರಡನೆಯದು ಕಷ್ಟ. ತಪ್ಪಿದ ಸಾಲಿಗೆ ಚುಕ್ಕೆ ಇಟ್ಟು ಮರುದಿನ ಚುಕ್ಕೆಯ ಸಾಲುಗಳನ್ನೇ ಮೊದಲು ನೋಡಬೇಕು. ಎಂಟೊಂಬತ್ತಕ್ಕಿಂತ ಹೆಚ್ಚು ಸಾಲಾದರೆ ಹಾಳೆಯೇ ಮತ್ತೊಂದು ಪ್ಯಾರಾ ಆಗಿಬಿಡುತ್ತದೆ. ಅದಕ್ಕೇ 1780ರಲ್ಲಿ ಇಂಗ್ಲಿಷರು ಕಲ್ಯಾಣ್ ಹಿಡಿದದ್ದನ್ನು, ಅವಳ ಕಾಲೇಜಿನ ಊರೇ ಆದರೂ, ಬಿಡಿಸಿದೆ.

ಹಾಳೆಗೆ ಒಂದು ಮಿತಿಯೂ ಇದೆ. 'ಯುದ್ಧದ ಕಾರಣಗಳನ್ನು ವಿವರಿಸಿ' ಎಂದು ಕೇಳಿದರೆ ಇಸವಿಗಳ ಪಟ್ಟಿಗೆ ಅಂಕ ಸಿಗದು. ಆಗ ಬಾಣಗಳೇ ಉತ್ತರ. ಒಂದೊಂದು ಬಾಣವನ್ನು ಎರಡು ಮೂರು ವಾಕ್ಯವಾಗಿ ಬಿಡಿಸಬೇಕು.

ಪರೀಕ್ಷೆಯ ದಿನ ಡೊಂಬಿವಲಿಯಿಂದ ಕಲ್ಯಾಣ್‌ಗೆ ಲೋಕಲ್‌ನಲ್ಲಿ ನಿಂತೇ ಆ ಹಾಳೆ ನೋಡಿದಳಂತೆ. ಠಾಕುರ್ಲಿ ದಾಟುವಷ್ಟರಲ್ಲಿ ಒಂದು ಸುತ್ತು ಮುಗಿಯಿತಂತೆ. ಸಂಜೆ ಬಂದು, "ಸೂರತ್ ಒಪ್ಪಂದ ಬಂದಿತ್ತು ಆಂಟಿ. ಥಾಣೆ ಮೊದಲು ಅಂತ ಬರೆದೆ" ಅಂದಳು. ಈಗ ಅದೇ ಹಾಳೆಯ ಪ್ರತಿ ನೆರೂಲ್‌ನಲ್ಲಿರುವ ಅವಳ ಚಿಕ್ಕಮ್ಮನ ಮಗನ ಕೈಯಲ್ಲಿದೆ. ಅವನಿಗೂ ನಾನು ಹೇಳಿದ್ದು ಇಷ್ಟೇ: ನೋಡಿ ತಿಳಿದುಕೋ, ಆದರೆ ನಿನ್ನ ಪಾಠದ ಚೀಟಿಗಳನ್ನು ನೀನೇ ಬರೆ. ಬೇರೆಯವರು ಜೋಡಿಸಿದ ಸಾಲಿನಲ್ಲಿ ನಮ್ಮ ತಪ್ಪು ನಮಗೆ ಕಾಣುವುದಿಲ್ಲ.