ರಾಯದುರ್ಗದಿಂದ ಹಿಂತಿರುಗಲು ಎಷ್ಟು ಯೂನಿಟ್ ಉಳಿಯಬೇಕು?

ಬೆಂಗಳೂರಿನಲ್ಲಿ ನೆಲೆಸಿರುವ ಗಡಿಸೀಮೆಯ ಕುಟುಂಬಗಳಿಗೆ ಮಡಕಶಿರಾ ಮತ್ತು ರಾಯದುರ್ಗ ಎರಡೂ ಹಬ್ಬಕ್ಕೆ, ಮದುವೆಗೆ ಹೋಗಿಬರುವ ಊರುಗಳು. ವಿದ್ಯುತ್ ಕಾರಿನಲ್ಲಿ ಹೊರಟವರಿಗೆ ಮಾತ್ರ ಇವೆರಡೂ ಒಂದೇ ಬಗೆಯ ಪ್ರಯಾಣವಲ್ಲ. ಮಡಕಶಿರಾ ಇರುವುದು ಶಿರಾದಿಂದ ಸುಮಾರು 50 ಕಿಲೋಮೀಟರ್ ಒಳಗೆ. ಬೆಂಗಳೂರು–ಪುಣೆ ಹೆದ್ದಾರಿಯ ಹೋಟೆಲುಗಳ ಅಂಗಳದಲ್ಲಿ ಬ್ಯಾಟರಿ ತುಂಬಿಸಿಕೊಂಡರೆ, ಊರಿನಲ್ಲಿ ಪ್ಲಗ್ಗನ್ನೇ ಮುಟ್ಟದೆ ಹೋಗಿಬರಬಹುದು. ರಾಯದುರ್ಗ ಹಾಗಲ್ಲ. ಹಿರಿಯೂರಿನಲ್ಲಿ ಆ ಹೆದ್ದಾರಿ ಬಿಟ್ಟ ಮೇಲೆ ಚಳ್ಳಕೆರೆ, ಮೊಳಕಾಲ್ಮೂರು ದಾಟಿ ಸುಮಾರು 120 ಕಿಲೋಮೀಟರ್ ಹೋಗಬೇಕು. ಯೋಜನೆ ಬೇಕಾಗುವುದು ಈ ದಾರಿಗೆ.

ಕಾರಿನ ಬ್ಯಾಟರಿ 40 ಯೂನಿಟ್‌ನದು ಎಂದುಕೊಳ್ಳೋಣ. ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಅದೇ ಯೂನಿಟ್ ಇದು, ಒಂದು ಕಿಲೋವ್ಯಾಟ್ ಅವರ್. ನಾಲ್ಕು ಜನ ಕೂತು, ಏಸಿ ಹಾಕಿಕೊಂಡು, ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋದರೆ ಇಂಥ ಕಾರು ಯೂನಿಟ್‌ಗೆ ಆರೂವರೆ ಕಿಲೋಮೀಟರ್ ಓಡುತ್ತದೆ. ಹೊಸ ಕಾರಿನ ಜಾಹೀರಾತಿನಲ್ಲಿ ಕಾಣುವ ದೊಡ್ಡ ಅಂಕಿಯನ್ನು ಇಲ್ಲಿ ಬದಿಗಿಡಬೇಕು. ಅದು ಕಡಿಮೆ ವೇಗದ ಪರೀಕ್ಷೆಯಲ್ಲಿ ಸಿಕ್ಕಿದ್ದು. ನಿಮ್ಮ ಕಾರು ಹೆದ್ದಾರಿಯಲ್ಲಿ ಕಳೆದ ಬಾರಿ ನಿಜವಾಗಿ ಯೂನಿಟ್‌ಗೆ ಎಷ್ಟು ಓಡಿತು ಎಂಬುದೊಂದೇ ನಂಬಬಹುದಾದ ಲೆಕ್ಕ.

ಬೆಂಗಳೂರಿನಿಂದ ಪೂರ್ತಿ ತುಂಬಿಸಿ ಹೊರಟರೆ ಹಿರಿಯೂರಿನವರೆಗಿನ 160 ಕಿಲೋಮೀಟರಿಗೆ 25 ಯೂನಿಟ್ ಖರ್ಚಾಗಿ 15 ಉಳಿಯುತ್ತದೆ. ಅಲ್ಲಿನ ಸ್ಟೇಷನ್ ಕೈಕೊಟ್ಟರೂ ಭಯವಿಲ್ಲ. 40 ಕಿಲೋಮೀಟರ್ ಮುಂದಿನ ಚಿತ್ರದುರ್ಗಕ್ಕೆ ಆರೇಳು ಯೂನಿಟ್ ಸಾಕು. ಹಿರಿಯೂರಿನಲ್ಲಿ 36 ಯೂನಿಟ್‌ವರೆಗೆ, ಅಂದರೆ ಶೇಕಡಾ 90ಕ್ಕೆ ಏರಿಸಿಕೊಳ್ಳಬೇಕು. ಇದಕ್ಕೆ ಒಂದು ಗಂಟೆ ಹಿಡಿಯುತ್ತದೆ. ಯಂತ್ರದ ಮೇಲೆ 60 ಕಿಲೋವ್ಯಾಟ್ ಎಂದು ಬರೆದಿದ್ದರೂ ಎರಡು ಗನ್ನುಗಳಲ್ಲೂ ಕಾರು ನಿಂತಾಗ ಎಷ್ಟೋ ಯಂತ್ರಗಳು ಅದನ್ನು ಮೂವತ್ತು ಮೂವತ್ತಾಗಿ ಹಂಚುತ್ತವೆ. ಶೇಕಡಾ 80 ದಾಟಿದ ಮೇಲೆ ಕಾರೇ ವೇಗ ತಗ್ಗಿಸುತ್ತದೆ. ತುಂಬಿದ ಬ್ಯಾಟರಿಗೆ ಅದೇ ರಭಸದಲ್ಲಿ ವಿದ್ಯುತ್ ನೂಕಿದರೆ ಒಳಗಿನ ಕೋಶಗಳು ಕೆಡುತ್ತವೆ.

ಹಿರಿಯೂರಿನಿಂದ ರಾಯದುರ್ಗಕ್ಕೆ ಹದಿನೆಂಟೂವರೆ ಯೂನಿಟ್ ಬೇಕು. ಊರು ಸೇರಿದಾಗ ಹದಿನೇಳೂವರೆ ಉಳಿದಿರುತ್ತದೆ. ಮೀಟರಿನಲ್ಲಿ ಶೇಕಡಾ 44 ಎಂದು ಕಂಡರೆ ಯಾರಿಗಾದರೂ ನಿಶ್ಚಿಂತೆ ಅನ್ನಿಸುತ್ತದೆ. ಆದರೆ ಬಂದ ದಾರಿಯಲ್ಲೇ ಹಿರಿಯೂರಿಗೆ ಹಿಂತಿರುಗಲು ಇದು ಸಾಲದು. ಮೀಸಲನ್ನು ಶೇಕಡಾವಾರು ಲೆಕ್ಕದಲ್ಲಿ ಇಡುವುದು ತಪ್ಪು ಎಂದು ನಾನು ಹೇಳುವುದು ಇದಕ್ಕೇ. ಈ ಸ್ಟೇಷನ್ ಕೆಟ್ಟಿದ್ದರೆ ಮುಂದಿನದು ಎಷ್ಟು ದೂರ, ಆ ದೂರಕ್ಕೆ ಗಾಳಿಗೆದುರಾಗಿ ಎಷ್ಟು ಯೂನಿಟ್ ಬೇಕು ಎಂದು ಕೇಳಿಕೊಳ್ಳಬೇಕು. ಮಡಕಶಿರಾದಲ್ಲಿ ನಿಂತವರಿಗೆ ಹತ್ತು ಯೂನಿಟ್ ಇದ್ದರೆ ಶಿರಾ ಸಿಗುತ್ತದೆ. ರಾಯದುರ್ಗದಲ್ಲಿ ನಿಂತವರಿಗೆ ದಿಕ್ಕೇ ಬೇರೆ: ಸುಮಾರು 50 ಕಿಲೋಮೀಟರ್ ದೂರದ ಬಳ್ಳಾರಿ. 1953ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಆಂಧ್ರಕ್ಕೆ ಸೇರಿದ ಮೇಲೂ ದೊಡ್ಡ ಪೇಟೆ, ಆಸ್ಪತ್ರೆ ಎಂದರೆ ಅಲ್ಲಿನವರಿಗೆ ಬಳ್ಳಾರಿ ಹತ್ತಿರ. ಕಾರಿಗೂ ಆಪತ್ಕಾಲದ ಊರು ಅದೇ. ಎಂಟರಿಂದ ಹತ್ತು ಯೂನಿಟ್‌ನಲ್ಲಿ ಅಲ್ಲಿಗೆ ತಲುಪಬಹುದು.

ಗಾಳಿಯ ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಜನ ಏರನ್ನು ಎಣಿಸುತ್ತಾರೆ, ಗಾಳಿಯನ್ನು ಮರೆಯುತ್ತಾರೆ. ಹಿರಿಯೂರಿಗಿಂತ ಬೆಂಗಳೂರು ಸುಮಾರು 300 ಮೀಟರ್ ಎತ್ತರದಲ್ಲಿದೆ. ಜನ ತುಂಬಿದ 1,800 ಕಿಲೋ ತೂಕದ ಕಾರನ್ನು ಅಷ್ಟು ಮೇಲಕ್ಕೆತ್ತಲು ಖರ್ಚಾಗುವುದು ಒಂದೂವರೆ ಯೂನಿಟ್‌ಗಿಂತ ತುಸು ಹೆಚ್ಚು, ಅಷ್ಟೇ. ಗಾಳಿ ಹಾಗಲ್ಲ. 90ರ ವೇಗದಲ್ಲಿ ಚಕ್ರಗಳಿಗೆ ಹೋಗುವ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಈ ತಡೆ ಹೆಚ್ಚುವುದು ವೇಗದ ವರ್ಗದ ಪ್ರಮಾಣದಲ್ಲಿ. ಮುಂಗಾರಿನ ತಿಂಗಳುಗಳಲ್ಲಿ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳನ್ನು ತಿರುಗಿಸುವ ನೈಋತ್ಯದ ಗಾಳಿ, ರಾಯದುರ್ಗದಿಂದ ಚಳ್ಳಕೆರೆಯತ್ತ ಬರುವ ಕಾರಿಗೆ ನೇರ ಎದುರಾಗುತ್ತದೆ. ಗಾಳಿ ಗಂಟೆಗೆ 20 ಕಿಲೋಮೀಟರ್ ಬೀಸಿದರೂ 90ರಲ್ಲಿ ಹೋಗುವ ಕಾರಿಗೆ ಅದು 110ರ ಗಾಳಿ. ತಡೆ ಒಂದೂವರೆ ಪಟ್ಟಾಗುತ್ತದೆ. ಯೂನಿಟ್‌ಗೆ ಆರೂವರೆ ಓಡುತ್ತಿದ್ದದ್ದು ಐದಕ್ಕೆ ಇಳಿಯುತ್ತದೆ. ಆಗ ಹಿರಿಯೂರಿಗೆ 24 ಯೂನಿಟ್ ಬೇಕು. ಇದನ್ನು ಮೀರಲು ಇರುವ ಸುಲಭ ದಾರಿ ವೇಗ ತಗ್ಗಿಸುವುದು. 70ಕ್ಕೆ ಇಳಿಸಿದರೆ ಅದೇ ಎದುರು ಗಾಳಿಯಲ್ಲೂ ಆರೂವರೆಯ ಆಸುಪಾಸಿಗೆ ಮರಳಬಹುದು.

ವೇಗ ತಗ್ಗಿಸಿದರೂ ಹಿರಿಯೂರಿಗೆ ಬೀಳುವ ಕೊರತೆಯನ್ನು ತುಂಬುವುದು ನೆಂಟರ ಮನೆಯ 15 ಆಂಪ್ ಪ್ಲಗ್. ರಾತ್ರಿ ಎಂಟು ಗಂಟೆ ಹಾಕಿಟ್ಟರೆ ಬ್ಯಾಟರಿಗೆ ಸುಮಾರು 20 ಯೂನಿಟ್ ಸೇರುತ್ತದೆ. ಆದರೆ ಆ ಪ್ಲಗ್ ಹೇಗಿದೆ ಎಂದು ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಬೇಕು. ಹಳೆಯ ಮನೆಗಳಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ಅರ್ಥಿಂಗ್ ಇರುವುದಿಲ್ಲ. ಕಾರಿನ ಜೊತೆ ಬರುವ ಚಾರ್ಜರ್ ಅದನ್ನು ಗುರುತಿಸಿ ಕೆಂಪು ದೀಪ ಹೊತ್ತಿಸಿ ಸುಮ್ಮನಾಗುತ್ತದೆ. ಅದನ್ನು ಏಮಾರಿಸಲು ಹೋಗಬಾರದು, ಅದು ಕಾಯುತ್ತಿರುವುದು ಕಾರನ್ನು ಮುಟ್ಟುವವರ ಜೀವ. ವೋಲ್ಟೇಜ್ 190ಕ್ಕೆ ಇಳಿದರೆ ರಾತ್ರಿಯ ಗಳಿಕೆಯೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಹಚ್ಚಿ ಅರ್ಧ ಗಂಟೆಯಾದ ಮೇಲೆ ಪ್ಲಗ್ಗನ್ನು ಹೊರಗಿನಿಂದ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಒಳಗಿನ ತಂತಿ ಸಣ್ಣದು ಇಲ್ಲವೇ ತಿರುಪು ಸಡಿಲ. ಮುಂದುವರಿಸುವುದು ಬೇಡ. ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ.

ಸ್ಟೇಷನ್ನುಗಳನ್ನು ನಂಬುವುದಕ್ಕೂ ಒಂದು ಕ್ರಮವಿದೆ. ಆ್ಯಪ್‌ನಲ್ಲಿ ಹಸಿರು ಚುಕ್ಕೆ ಕಂಡರೆ ಯಂತ್ರ ಇಂಟರ್ನೆಟ್ಟಿಗೆ ತಗುಲಿಕೊಂಡಿದೆ ಎಂದಷ್ಟೇ ಅರ್ಥ. ಇವತ್ತು, ಇಲ್ಲವೇ ನಿನ್ನೆ ಅಲ್ಲಿ ಯಾರಾದರೂ ಚಾರ್ಜ್ ಮಾಡಿದ್ದಾರೆಯೇ ನೋಡಿ. ಆ ಹೋಟೆಲಿಗೆ ಫೋನ್ ಮಾಡಿ ಕರೆಂಟ್ ಇದೆಯೇ, ಮಷಿನ್ ಓಡುತ್ತಿದೆಯೇ ಎಂದು ಕೇಳಿದರೆ ಕಾವಲುಗಾರ ಕೊಡುವ ಉತ್ತರ ಆ್ಯಪ್‌ಗಿಂತ ನಿಖರ. ಗಡಿ ದಾಟುವ ದಾರಿಯಾದ್ದರಿಂದ ಬೆಸ್ಕಾಂನ ಇವಿ ಮಿತ್ರ ಒಂದನ್ನೇ ನೆಚ್ಚದೆ ಬೇರೆ ಕಂಪನಿಗಳ ಆ್ಯಪ್‌ಗಳಲ್ಲೂ ಮನೆಯಿಂದಲೇ ನೋಂದಾಯಿಸಿ ಸ್ವಲ್ಪ ಹಣ ಹಾಕಿಟ್ಟಿರಬೇಕು. ಸಿಗ್ನಲ್ ಇಲ್ಲದ ಕಡೆ ಓಟಿಪಿ ಬರುವುದಿಲ್ಲ. ಸತ್ತಂತೆ ಕಾಣುವ ಯಂತ್ರದ ಮೈಮೇಲಿನ ಕೆಂಪು ತುರ್ತು ಗುಂಡಿಯನ್ನೂ ಗಮನಿಸಿ. ಯಾರೋ ಅದನ್ನು ಒತ್ತಿ ಹೋಗಿರಬಹುದು. ಸುಟ್ಟ ವಾಸನೆ, ನೀರು, ಹರಿದ ಕೇಬಲ್ ಇಲ್ಲವೆಂದು ಖಚಿತಪಡಿಸಿಕೊಂಡು, ಸ್ಟೇಷನ್‌ನವರನ್ನು ಕೇಳಿ ಅದನ್ನು ತಿರುಗಿಸಿ ಬಿಡಿಸಿದರೆ ಯಂತ್ರ ಮತ್ತೆ ಏಳುತ್ತದೆ.

ಈಗ ಬೆಳಗಿನ ಲೆಕ್ಕ. ರಾತ್ರಿ ಕರೆಂಟ್ ಸರಿಯಾಗಿ ಬಂದಿದ್ದರೆ ಬ್ಯಾಟರಿಯಲ್ಲಿ 37 ಯೂನಿಟ್ ಇದೆ. ಎದುರು ಗಾಳಿಯಿದ್ದರೂ ಹಿರಿಯೂರಿಗೆ 13 ಉಳಿಸಿಕೊಂಡು ತಲುಪಬಹುದು. ರಾತ್ರಿ ಕರೆಂಟ್ ಹೋಗಿ ಹದಿನೇಳೂವರೆಯಲ್ಲೇ ನಿಂತಿದ್ದರೆ ದಕ್ಷಿಣಕ್ಕೆ ಹೊರಡಬೇಡಿ. ಉತ್ತರಕ್ಕೆ, ಬಳ್ಳಾರಿಗೆ ಹೋಗಿ. ಅಲ್ಲಿ 36ಕ್ಕೆ ಏರಿಸಿಕೊಂಡರೆ ಚಳ್ಳಕೆರೆ ದಾರಿಯಲ್ಲಿ ಹಿರಿಯೂರು ಸುಮಾರು 140 ಕಿಲೋಮೀಟರ್, ಎದುರು ಗಾಳಿಯಲ್ಲಿ 28 ಯೂನಿಟ್. ಬಳ್ಳಾರಿಯ ಎರಡು ಸ್ಟೇಷನ್ನುಗಳ ಫೋನ್ ನಂಬರು ಬೆಂಗಳೂರು ಬಿಡುವ ಮುನ್ನವೇ ನಿಮ್ಮಲ್ಲಿರಲಿ.