‘ನೋಡೋಣ’ ಅನ್ನಬೇಡಿ

ತಿಂಗಳ 18ನೇ ತಾರೀಖು. ನೀವು ಅಕೌಂಟ್ಸ್‌ನಲ್ಲಿದ್ದೀರಿ. 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು, ತಡವಾದರೆ ಬಡ್ಡಿ, ಲೇಟ್ ಫೀ. ಅಷ್ಟರಲ್ಲಿ ಸೇಲ್ಸ್‌ನವರು ಬಂದು, "ಸರ್, ಪಾರ್ಟಿಗಳ ಬಾಕಿ ಪಟ್ಟಿ ಸ್ವಲ್ಪ ಮಾಡಿಕೊಡಿ" ಅಂತಾರೆ.

"ನೋಡೋಣ" ಅಂದರೆ ಅವರು ಒಪ್ಪಿಗೆ ಅಂತಲೇ ತಿಳ್ಕೋತಾರೆ, ಬೇರೆಯವರನ್ನ ಕೇಳೋದೂ ಇಲ್ಲ. ಕೊನೇ ಗಳಿಗೆಯಲ್ಲಿ ನೀವು ಕೈಕೊಟ್ಟಾಗಲೇ ಸಂಬಂಧ ಕೆಡೋದು.

ಆಗಲೇ ಹೇಳಿಬಿಡಿ: "20ರವರೆಗೆ ರಿಟರ್ನ್ ಕೆಲಸ ಇದೆ, ಇವತ್ತು ಆಗಲ್ಲ. 21ಕ್ಕೆ ಬೆಳಿಗ್ಗೆ ಮಾಡಿಕೊಡ್ತೀನಿ. ತುಂಬಾ ಅರ್ಜೆಂಟಿದ್ದರೆ ಹೋದ ತಿಂಗಳ ಪಟ್ಟಿ ಈಗಲೇ ಕಳಿಸ್ತೀನಿ." ಕಾರಣ ಒಂದೇ ಸಾಕು. ನಾಲ್ಕು ಹೇಳಿದರೆ ನೆಪ ಅನ್ನಿಸುತ್ತೆ.

ಮ್ಯಾನೇಜರೇ ಕೇಳಿದರೆ? "ಸರ್, ಎರಡರಲ್ಲಿ ಯಾವುದು ಮೊದಲು ಮುಗಿಸಲಿ?" ಅಂತ ಕೇಳಿ, ಅವರೇ ತೀರ್ಮಾನಿಸಲಿ.

21ಕ್ಕೆ ಕೊಡ್ತೀನಿ ಅಂದಮೇಲೆ ಮಾತ್ರ, ದಯವಿಟ್ಟು ಕೊಟ್ಟೇಬಿಡಿ.